ಗೆರೆ ಯಾವ ಕಡೆ?

ಇಂಟರ್ನಲ್ಸ್ ಹಿಂದಿನ ರಾತ್ರಿ ಹತ್ತು ಗಂಟೆಗೆ ಕ್ಲಾಸ್ ಗ್ರೂಪಿನಲ್ಲಿ ನಾವೊಂದು ಉತ್ತರ ಹಾಕಿದೆವು. ನಾವು ಅಂದರೆ ಹಾಸ್ಟೆಲಿನ ಒಂದೇ ರೂಮಿನ ಮೂರು ಜನ. ಸರ್ ಕಳಿಸಿದ್ದ ಪ್ರಾಕ್ಟೀಸ್ ಶೀಟಿನ ಫೋಟೋದಲ್ಲಿ ಏಳನೇ ಪ್ರಶ್ನೆ ಬ್ರಿಡ್ಜ್ ರೆಕ್ಟಿಫೈಯರ್ ಬಗ್ಗೆ ಇತ್ತು. ನೋಡಿದ ಕೂಡಲೇ "ಅಯ್ಯೋ, ಇದು ಗೊತ್ತಿರೋದೇ" ಅಂದುಕೊಂಡು 1ನೇ ಆಪ್ಷನ್ ಅಂತ ಬರೆದೆವು. ಒಂದರ ಹಿಂದೆ ಒಂದು ಥಂಬ್ಸ್ ಅಪ್ ಬಂದವು. ನಾವು ಖುಷಿಯಾಗಿ ಮ್ಯಾಗಿ ಮಾಡಲು ಹೋದೆವು.

ಚಿತ್ರ ಹೀಗಿತ್ತು. ಒಂದು ವಜ್ರದಾಕಾರ, ನಾಲ್ಕು ಮೂಲೆ. ಮೇಲಿನ ಮೂಲೆ X, ಕೆಳಗಿನದು Y, ಇವೆರಡಕ್ಕೂ ಟ್ರಾನ್ಸ್‌ಫಾರ್ಮರಿನ ತಂತಿಗಳು ಬರುತ್ತವೆ. ಬಲ ಮೂಲೆ P, ಎಡ ಮೂಲೆ Q, ಇವೆರಡರ ಮಧ್ಯೆ ಲೋಡ್ RL. ಮೇಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋದರೆ X ಮತ್ತು P ನಡುವೆ D1, P ಮತ್ತು Y ನಡುವೆ D2, Y ಮತ್ತು Q ನಡುವೆ D3, Q ಮತ್ತು X ನಡುವೆ D4. ಪ್ರಶ್ನೆ ಇಷ್ಟೇ: Y ಗಿಂತ X ಪಾಸಿಟಿವ್ ಇರುವ ಅರ್ಧ ಸೈಕಲ್‌ನಲ್ಲಿ ಯಾವ ಎರಡು ಡಯೋಡ್‌ಗಳಲ್ಲಿ ಕರೆಂಟ್ ಹರಿಯುತ್ತದೆ, RL ನಲ್ಲಿ ಅದರ ದಿಕ್ಕು ಯಾವುದು? ಆಪ್ಷನ್‌ಗಳು ನಾಲ್ಕು:

1. D1, D3, P ಯಿಂದ Q ಗೆ
2. D1, D3, Q ನಿಂದ P ಗೆ
3. D2, D4, P ಯಿಂದ Q ಗೆ
4. D2, D4, Q ನಿಂದ P ಗೆ

ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆಸಿದ್ದ ಚಿತ್ರದಲ್ಲೂ ಇದೇ ನಂಬರುಗಳು ಇದ್ದವು, ಉತ್ತರ D1, D3, P ಯಿಂದ Q. ನಮ್ಮ ಕಣ್ಣು ಫೋಟೋ ನೋಡಿತು, ತಲೆ ಬೋರ್ಡ್ ನೋಡಿತು. ಬೇರೆ ಪುಸ್ತಕ ತೆಗೆದರೆ ನಂಬರು ಬೇರೆ ಇರುತ್ತದೆ, ಕೆಲವದರಲ್ಲಿ D1, D2 ಜೋಡಿ. ಆದ್ದರಿಂದ "ಒಂದು ಮತ್ತು ಮೂರು" ಅಂತ ಬಾಯಿಪಾಠ ಮಾಡಿದ್ದಕ್ಕೆ ಆ ಒಂದು ಚಿತ್ರದ ಹೊರಗೆ ಬೆಲೆಯೇ ಇಲ್ಲ. ಇದು ಆಮೇಲೆ ಹೊಳೆದದ್ದು.

ಹನ್ನೆರಡೂವರೆಗೆ ಪಕ್ಕದ ರೂಮಿನವನು ಚಾರ್ಜರ್ ಕೇಳಲು ಬಂದ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಈ ವರ್ಷ ಸೇರಿದವನು, ಹುಬ್ಬಳ್ಳಿ ಕಡೆಯವನು. ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ ಫೋಟೋ ನೋಡಿ, "ಒಂದನೇದ್ ಹಾಕೀರಲ್ಲ, ಗೆರಿ ಯಾವ ಕಡೆ ಐತಿ ನೋಡೀರೇನು?" ಅಂದ.

ಡಯೋಡಿನ ಚಿಹ್ನೆ ಅಂದರೆ ಒಂದು ತ್ರಿಕೋನ, ಅದರ ತುದಿಗೆ ತಾಗಿದ ಒಂದು ಅಡ್ಡಗೆರೆ. ತ್ರಿಕೋನದ ಅಗಲ ಬದಿಯಿಂದ ಗೆರೆಯ ಕಡೆಗೆ ಕರೆಂಟ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ನಮಗೂ ಇದು ಗೊತ್ತಿತ್ತು, ನೋಡಿರಲಿಲ್ಲ ಅಷ್ಟೇ. ಈಗ ನೋಡಹೊರಟರೆ ಕಾಣಲೂ ಇಲ್ಲ. ಸರ್ ಕೈಯಲ್ಲಿ ಬರೆದು ತ್ರಿಕೋನಗಳನ್ನು ಪೆನ್ನಿನಿಂದ ತುಂಬಿದ್ದರು. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸಿತ್ತು. ಅದರ ಮೇಲೆ ನಾವು ಸ್ಕ್ಯಾನ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರ್ ಬೇರೆ ಹಾಕಿದ್ದೆವು, ಅಚ್ಚುಕಟ್ಟಾಗಿ ಕಾಣಲಿ ಅಂತ. ಫಿಲ್ಟರಿಗೆ ನಡುವಿನ ಬೂದು ಬಣ್ಣ ಗೊತ್ತಿಲ್ಲ, ಎಲ್ಲವನ್ನೂ ಕಪ್ಪು ಇಲ್ಲಾ ಬಿಳಿ ಮಾಡುತ್ತದೆ. ತ್ರಿಕೋನ, ಗೆರೆ ಎರಡೂ ಕೂಡಿ ನಾಲ್ಕು ಡಯೋಡ್ ನಾಲ್ಕು ಕಪ್ಪು ಚೌಕಗಳಾಗಿದ್ದವು.

ಅವನು ಮೂಲ ಫೋಟೋ ತೆರೆಸಿ D4 ಮೇಲೆ ಝೂಮ್ ಮಾಡಿಸಿದ. "ಕರೇದನ್ನ ನೋಡಬ್ಯಾಡ್ರಿ, ಬಿಳೇದನ್ನ ನೋಡ್ರಿ" ಅಂದ. ತಮಾಷೆ ಅನ್ನಿಸಿತು, ಆದರೆ ಸರಿ ಇತ್ತು. ತ್ರಿಕೋನದ ತುದಿ ಗೆರೆಗೆ ತಾಗುವಲ್ಲಿ ಎರಡೂ ಪಕ್ಕದಲ್ಲಿ ಚಿಕ್ಕ ಬಿಳಿ ಸಂದಿಗಳು ಉಳಿಯುತ್ತವೆ. ಚಿತ್ರ ಎಷ್ಟು ಮಸುಕಾದರೂ ಅವು ಸ್ವಲ್ಪ ಹೊತ್ತು ತಾಳುತ್ತವೆ. ತ್ರಿಕೋನದ ಅಗಲ ಬದಿಯಲ್ಲಿ ಅಂಥ ಸಂದಿ ಇರುವುದಿಲ್ಲ. D4 ನಲ್ಲಿ ಸಂದಿಗಳು Q ಕಡೆಗಿದ್ದವು. ಅಂದರೆ ಗೆರೆ Q ಕಡೆಗೆ, ಕರೆಂಟ್ X ನಿಂದ Q ಗೆ. ಬೋರ್ಡಿನ ಚಿತ್ರದಲ್ಲಿ ಇದು ಉಲ್ಟಾ ಇತ್ತು! D2 ನಲ್ಲಿ ಸಂದಿಗಳು Y ಕಡೆಗಿದ್ದವು, ಅಂದರೆ P ಯಿಂದ Y ಗೆ. ಅದೂ ಉಲ್ಟಾ.

D1 ಮೇಲೆ ಟ್ಯೂಬ್‌ಲೈಟಿನ ಹೊಳಪು ಬಿದ್ದು ಏನೂ ಉಳಿದಿರಲಿಲ್ಲ. D3 ಹಾಳೆಯ ಮಡಿಕೆಯ ನೆರಳಿನಲ್ಲಿ ಮುಳುಗಿತ್ತು. ಇರಲಿ, ಕಂಡ ಎರಡನ್ನು ಹಿಡಿದು ಬೆರಳಿನಲ್ಲಿ ದಾರಿ ಎಳೆದೆವು. X ಪಾಸಿಟಿವ್, ಅಲ್ಲಿಂದ ಹೊರಡಬೇಕು, ಕೊನೆಗೆ Y ತಲುಪಬೇಕು.

```
X → D4 → Q → RL → P → D2 → Y
```

ದಾರಿ ಪೂರ್ತಿ ಸಿಕ್ಕಿತು. D2, D4, Q ನಿಂದ P ಗೆ. 4ನೇ ಆಪ್ಷನ್. ನಮ್ಮ ಉತ್ತರದಲ್ಲಿ ಡಯೋಡೂ ತಪ್ಪು, ದಿಕ್ಕೂ ತಪ್ಪು.

ನಮ್ಮಲ್ಲೊಬ್ಬ ಸುಲಭಕ್ಕೆ ಸೋಲುವವನಲ್ಲ. "D1, D3 ಕಾಣ್ತಾನೇ ಇಲ್ವಲ್ಲ, ಅವು ಹೇಗಿವೆ ಅಂತ ಯಾರಿಗೆ ಗೊತ್ತು?" ಅಂದ. ಒಳ್ಳೆಯ ಪ್ರಶ್ನೆಯೇ. D1 ನ ಗೆರೆ P ಕಡೆಗಿದೆ ಅಂದುಕೊಳ್ಳೋಣ. ಆಗ ಕರೆಂಟಿಗೆ X, D1, P, D2, Y ಅಂತ ಇನ್ನೊಂದು ದಾರಿ ಸಿಗುತ್ತದೆ. ಆ ದಾರಿಯಲ್ಲಿ RL ಇಲ್ಲವೇ ಇಲ್ಲ. ಎರಡು ಸಿಲಿಕಾನ್ ಡಯೋಡ್ ಸೇರಿ ತಡೆಯುವುದು ಸುಮಾರು 1.4 ವೋಲ್ಟ್, ಉಳಿದ ವೋಲ್ಟೇಜನ್ನು ತಡೆಯಲು ಯಾರೂ ಇಲ್ಲ. ಅದು ಶಾರ್ಟ್ ಸರ್ಕ್ಯೂಟ್, ಫ್ಯೂಸ್ ಹೋಗುತ್ತದೆ ಇಲ್ಲಾ ಡಯೋಡ್ ಸುಡುತ್ತದೆ. D3 ಉಲ್ಟಾ ಇದ್ದರೂ ಇದೇ ಕಥೆ, ಎಡಗಡೆಯಿಂದ. ಹೀಗಾಗಿ ಇದು ಕೆಲಸ ಮಾಡುವ ರೆಕ್ಟಿಫೈಯರ್ ಆಗಿದ್ದರೆ D1 ನ ಗೆರೆ X ಕಡೆಗೂ D3 ನ ಗೆರೆ Q ಕಡೆಗೂ ಇರಲೇಬೇಕು.

ಈ "ಆಗಿದ್ದರೆ" ಮೇಲೆ ಮಾತ್ರ ಒಂದು ಕಣ್ಣಿರಬೇಕು. ನಾಲ್ಕು ಆಪ್ಷನ್‌ಗಳಲ್ಲೂ ಲೋಡಿಗೆ ಕರೆಂಟ್ ಬರುತ್ತದೆ ಅಂತಲೇ ಇದ್ದದ್ದರಿಂದ ಇಲ್ಲಿ ಊಹೆ ನಡೆಯಿತು. ಅದೇ ಶೀಟಿನ ಒಂಬತ್ತನೇ ಪ್ರಶ್ನೆಯಲ್ಲಿ ಫ್ಯೂಸ್ ಯಾಕೆ ಹೋಯಿತು ಅಂತ ಕೇಳಿದ್ದರು, ಅಲ್ಲಿ ಒಂದು ಡಯೋಡನ್ನು ಬೇಕಂತಲೇ ತಿರುಗಿಸಿ ಬರೆದಿದ್ದರು. ಅಲ್ಲಿ ಹೀಗೆ ಊಹಿಸಿದ್ದರೆ ಪ್ರಶ್ನೆಯನ್ನೇ ಅಳಿಸಿದ ಹಾಗೆ. ಅಂಥ ಕಡೆ ಮಸುಕಾದದ್ದನ್ನು ಊಹಿಸದೆ, ಫೋಟೋವನ್ನು ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಕಳಿಸಿ ಅಂತ ಕೇಳುವುದೇ ವಾಸಿ. ಹಾಗೆ ಕಳಿಸಿದರೆ ಅದು ಕುಗ್ಗದೆ ಬರುತ್ತದೆ.

ಇನ್ನೊಬ್ಬನಿಗೆ ತಂತಿಗಳ ಮೇಲೆ ಅನುಮಾನ. Q ನಿಂದ RL ಗೆ ಹೋಗುವ ತಂತಿ ಬಲಕ್ಕೆ ಬರಬೇಕಾದರೆ Y ಯ ತಂತಿಯನ್ನು ದಾಟಿ ಬರುತ್ತದೆ, ಆ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ಚುಕ್ಕೆ ಇದ್ದರೆ ಎರಡೂ ಸೇರಿವೆ ಎಂದರ್ಥ. ಅದು ಇಂಕಿನ ಚುಕ್ಕೆಯೋ ಲೆನ್ಸಿನ ಧೂಳೋ? ಸೇರಿವೆ ಅಂದುಕೊಂಡರೆ Q ಮತ್ತು Y ಒಂದೇ ಬಿಂದು ಆಗುತ್ತವೆ. D3 ಯ ಎರಡೂ ತುದಿ ಒಂದೇ ತಂತಿಗೆ, ಅದಕ್ಕೆ ಕೆಲಸವೇ ಇಲ್ಲ. ಅಷ್ಟೇ ಅಲ್ಲ, X ಪಾಸಿಟಿವ್ ಆದಾಗ D4 ಒಂದೇ ನೇರವಾಗಿ X ಅನ್ನು Y ಗೆ ಜೋಡಿಸಿಬಿಡುತ್ತದೆ. ಶೀಟಿನ ಉಳಿದ ಫೋಟೋಗಳಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ ಇತ್ತು. ಧೂಳೇ.

ಆಮೇಲೆ ಹುಬ್ಬಳ್ಳಿ ಗೆಳೆಯ ಇನ್ನೊಂದು ಮಾಡಿಸಿದ, ನಮಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು. "X ಪಾಸಿಟಿವ್" ಅನ್ನೋ ಸಾಲನ್ನು ಕೈಯಿಂದ ಮುಚ್ಚಿ, "ಈಗ ಹೇಳ್ರಿ" ಅಂದ. Y ಪಾಸಿಟಿವ್ ಅಂತ ಇಟ್ಟುಕೊಂಡು ದಾರಿ ಎಳೆದೆವು:

```
Y → D3 → Q → RL → P → D1 → X
```

ಡಯೋಡ್‌ಗಳು ಬದಲಾದವು, RL ನಲ್ಲಿ ದಿಕ್ಕು ಮಾತ್ರ ಮತ್ತೆ Q ನಿಂದ P ಗೇ. ಆಗಬೇಕಾದದ್ದೇ ಅದು, ರೆಕ್ಟಿಫೈಯರ್ ಇರುವುದೇ ಅದಕ್ಕೆ. D4, D3 ಎರಡರ ಗೆರೆಗಳೂ Q ನಲ್ಲಿ ಕೂಡುತ್ತವೆ. ಯಾವ ಮೂಲೆಯಲ್ಲಿ ಎರಡು ಗೆರೆ ಕೂಡುತ್ತವೋ ಅದೇ ಪ್ಲಸ್, ಲೋಡಿಗೆ ಕರೆಂಟ್ ಅಲ್ಲಿಂದಲೇ ಹೊರಡುತ್ತದೆ. ಅಂದರೆ ಯಾವ ಅರ್ಧ ಸೈಕಲ್ ಅಂತ ಓದುವ ಮೊದಲೇ 1 ಮತ್ತು 3ನೇ ಆಪ್ಷನ್‌ಗಳನ್ನು ಹೊಡೆದು ಹಾಕಬಹುದಿತ್ತು. ಆ ಸಾಲು ಬೇಕಾಗುವುದು ಉಳಿದ ಎರಡರಲ್ಲಿ ಯಾವ ಜೋಡಿ ಅಂತ ತಿಳಿಯಲು ಮಾತ್ರ.

ರಾತ್ರಿ ಒಂದೂಕಾಲಿಗೆ ಗ್ರೂಪಿನಲ್ಲಿ ತಿದ್ದುಪಡಿ ಹಾಕಿದೆವು. ಅಷ್ಟೊತ್ತಿಗೆ ಹೆಚ್ಚಿನವರು ಮಲಗಿದ್ದರು. ಬೆಳಿಗ್ಗೆ ಪೇಪರಿನಲ್ಲಿ ಅದೇ ಚಿತ್ರ ಬಂತು, ಈ ಸಲ ಗೆರೆಗಳೆಲ್ಲ ಸ್ಪಷ್ಟವಾಗಿದ್ದವು, ಎರಡು ಮಾರ್ಕು. ಹೊರಗೆ ಬಂದ ಮೇಲೆ ನಮ್ಮ ಹಿಂದಿನ ಬೆಂಚಿನವಳು, "ನಾನು ಚಿತ್ರ ನೋಡ್ಲೇ ಇಲ್ಲ ಕಣ್ರೋ, ನಿಮ್ಮನ್ನ ನಂಬಿ ಒಂದು ಅಂತ ಹಾಕ್ದೆ" ಅಂದಳು. ಸಾರಿ ಅಂದೆವು. ಅವಳು ಪರವಾಗಿಲ್ಲ ಅನ್ನಲಿಲ್ಲ.

ಮುಂದಿನ ಲ್ಯಾಬಿನಲ್ಲಿ ಅವಳಿಗಾಗಿಯೇ ಬ್ರೆಡ್‌ಬೋರ್ಡ್ ಮೇಲೆ ಅದನ್ನು ಕಟ್ಟಿದೆವು. ಡಯೋಡ್ ಜಾಗದಲ್ಲಿ ನಾಲ್ಕು ಕೆಂಪು ಎಲ್‌ಇಡಿ, ಲೋಡಿಗೆ 330 ಓಮ್, ಟ್ರಾನ್ಸ್‌ಫಾರ್ಮರ್ ಬದಲು ನಾಲ್ಕು ಪೆನ್ಸಿಲ್ ಸೆಲ್, ಒಟ್ಟು 6 ವೋಲ್ಟ್. 9 ವೋಲ್ಟ್ ಬ್ಯಾಟರಿ ಕೈಯಲ್ಲಿತ್ತು, ಆದರೆ ಸಾಮಾನ್ಯ ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ ಸುಮಾರು 5 ವೋಲ್ಟ್‌ವರೆಗೆ ಮಾತ್ರ ತಡೆಯುತ್ತದೆ. ಇಲ್ಲಿ ಉರಿಯದ ಎಲ್‌ಇಡಿಗಳ ಮೇಲೆ ಬೀಳುವುದು ಬ್ಯಾಟರಿಗಿಂತ ಬರೀ ಎರಡು ವೋಲ್ಟ್ ಕಡಿಮೆ, ಹಾಗಾಗಿ ಒಂಬತ್ತು ಬೇಡ ಅಂದೆವು.

X ಗೆ ಪ್ಲಸ್ ಕೊಟ್ಟಾಗ D2, D4 ಹೊತ್ತಿಕೊಂಡವು. ಮಲ್ಟಿಮೀಟರಿನ ಕೆಂಪು ವೈರ್ P ಗೆ, ಕಪ್ಪು Q ಗೆ ಇಟ್ಟರೆ ಎರಡು ವೋಲ್ಟ್ ಆಸುಪಾಸು, ಎದುರಿಗೆ ಮೈನಸ್. ಅವಳು ಏನೂ ಹೇಳದೆ ಬ್ಯಾಟರಿ ವೈರುಗಳನ್ನು ಅದಲು ಬದಲು ಮಾಡಿದಳು. D2, D4 ಆರಿ D1, D3 ಹೊತ್ತಿದವು. ಮೀಟರಿನಲ್ಲಿ ಮೈನಸ್ ಹಾಗೇ ಇತ್ತು. ಅವಳು ಮತ್ತೆ ಬದಲಿಸಿದಳು, ಮತ್ತೆ ನೋಡಿದಳು, ಆಮೇಲೆ ಫೋನ್ ತೆಗೆದು ಫೋಟೋ ತೆಗೆದುಕೊಂಡಳು, ಫ್ಲ್ಯಾಶ್ ಆಫ್ ಮಾಡಿ.