ಉಮ್ಮನ ಹೆಪ್ಪು ಕಹಿಯಾದಾಗ

ಉಮ್ಮ ತೀರಿಹೋದ ಮೇಲೆ ಅವರ ಹೆಪ್ಪು ಉಳಿದದ್ದು ನನ್ನ ಮನೆಯಲ್ಲಿ ಮಾತ್ರ. ಉಳ್ಳಾಲದಲ್ಲಿರುವ ಅಕ್ಕ ಎರಡು ತಿಂಗಳು ಮಗಳ ಬಾಣಂತನಕ್ಕೆಂದು ಗಲ್ಫಿಗೆ ಹೋಗಿದ್ದಳು, ಬರುವಷ್ಟರಲ್ಲಿ ಅವಳದ್ದು ಹೋಗಿತ್ತು. ತಮ್ಮನ ಮನೆಯಲ್ಲಿ ಪ್ಯಾಕೆಟ್ ಮೊಸರೇ ನಡೆಯುತ್ತದೆ. ಹಾಗಾಗಿ ಉಮ್ಮ ತನ್ನ ಉಮ್ಮನಿಂದ ತಂದು, ನನ್ನ ಮದುವೆಯಾದಾಗ ಸ್ಟೀಲ್ ಡಬ್ಬಿಯಲ್ಲಿ ಹಾಕಿ ರೈಲಿಗೆ ಕೊಟ್ಟ ಆ ಹೆಪ್ಪು ಈಗ ಮಿರಜ್ ತಾಲೂಕಿನ ಖಂಡೇರಾಜುರಿಯ ನಮ್ಮ ಅಡುಗೆಮನೆಯಲ್ಲಿದೆ. ಇವರ ಕೆಲಸ ಈ ಕಡೆ, ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷ.

ಕಳೆದ ಮೇ ತಿಂಗಳಲ್ಲಿ ಮೊಸರು ಸರಿಯಾಗಿ ಕೂರುವುದನ್ನು ನಿಲ್ಲಿಸಿತು. ಮೊದಲು ತೆಳ್ಳಗಾಯಿತು, ಮೇಲೆ ಹಳದಿ ನೀರು ನಿಂತಿತು. ಆಮೇಲೆ ಹುಳಿಯ ಹಿಂದೆಯೇ ನಾಲಿಗೆಯ ಬುಡದಲ್ಲಿ ಒಂದು ಕಹಿ. ನೈಚೋರಿನ ಜೊತೆಗೆ ಈರುಳ್ಳಿ, ಸೌತೆಕಾಯಿ ಹಾಕಿ ಕಲಸಿದರೂ ಆ ಕಹಿ ಮುಚ್ಚಲಿಲ್ಲ. ಪಕ್ಕದ ಮನೆಯ ಕಾಕೂ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದರು, “ಭಾಬಿ, ನಿಮ್ಮ ವಿರಜಣ ಮುದಿಯಾಗ್ಯದ. ನಮ್ಮದು ಒಂದು ಚಮಚ ಅದರಾಗ ಕೂಡಿಸ್ರಿ, ತಾನೇ ಸರಿ ಹೋಗ್ತದ.” ವಿರಜಣ ಅಂದರೆ ಇಲ್ಲಿ ಹೆಪ್ಪು.

ಕಾಕೂ ಹೇಳಿದ ದಾರಿ ಸುಲಭದ್ದೇ. ಆದರೆ ಹಾಗೆ ಕೂಡಿಸಿದರೆ ಕಾಕೂನ ಹೆಪ್ಪೇ ಉಳಿಯುತ್ತದೆ. ಬಲವಾದದ್ದು ಹಾಲಿನ ಸಕ್ಕರೆಯನ್ನು ಬೇಗ ತಿಂದು ಹುಳಿ ಏರಿಸುತ್ತದೆ, ನಿಧಾನದ್ದಕ್ಕೆ ಬೆಳೆಯಲು ಜಾಗವೇ ಸಿಗುವುದಿಲ್ಲ. ನಾಲ್ಕೈದು ಸಲ ಹೆಪ್ಪು ಹಾಕುವುದರೊಳಗೆ ಉಮ್ಮನದ್ದು ಹೆಸರಿಗೆ ಮಾತ್ರ. ಹಾಗಾಗಿ ಕೂಡಿಸುವ ಮೊದಲು ತೊಂದರೆ ಹಾಲಿನದ್ದೋ ಹೆಪ್ಪಿನದ್ದೋ ಎಂದು ತಿಳಿಯಬೇಕಿತ್ತು.

ಹೆಪ್ಪು ಎಂದರೆ ಒಂದೇ ಜೀವ ಅಲ್ಲ, ಒಂದು ಕೂಡುಕುಟುಂಬ. ಬಿಸಿ ಊರಿನ ಮೊಸರಿನಲ್ಲಿ ಮುಖ್ಯವಾಗಿ ಇಬ್ಬರು. ಒಂದು ಮಣಿಸರದ ಹಾಗಿರುವ ದುಂಡಗಿನ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಇನ್ನೊಂದು ಕಡ್ಡಿಯ ಹಾಗಿರುವ ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್. ದುಂಡಗಿನದ್ದು ಮೊದಲು ಓಡುತ್ತದೆ, ಹಾಲನ್ನು ಹುಳಿಯಾಗಿಸಲು ಶುರುಮಾಡುತ್ತದೆ. ಕಡ್ಡಿ ಹಾಲಿನ ಪ್ರೋಟೀನನ್ನು ತುಂಡು ಮಾಡಿ ದುಂಡಗಿನದ್ದಕ್ಕೂ ಆಹಾರ ಒದಗಿಸುತ್ತದೆ. ಇಬ್ಬರೂ ಸಮವಾಗಿದ್ದರೆ ಮೊಸರು ಗಟ್ಟಿ, ಹುಳಿ ಹಿತ. ಇವುಗಳ ಜೊತೆಗೆ ಸುಮಾರು 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವ ಲ್ಯಾಕ್ಟೊಕಾಕಸ್‌ನಂಥ ಬೇರೆಯವರೂ ಮನೆಯ ಹೆಪ್ಪಿನಲ್ಲಿರುತ್ತಾರೆ. ನಮ್ಮ ಕರಾವಳಿಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದ ಸೆಕೆ, ಆದ್ದರಿಂದ ಈ ಕುಟುಂಬ ಅಲ್ಲಿ ಜಗಳವಿಲ್ಲದೆ ನಡೆಯುತ್ತದೆ. ಇಲ್ಲಿ ಹಾಗಲ್ಲ. ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಡಿಸೆಂಬರ್ ರಾತ್ರಿಯಲ್ಲಿ ಕಂಬಳಿ ಬೇಕು.

ಹುಳಿ ಏರಿದ ಹಾಗೆ ದುಂಡಗಿನದ್ದು ಮೊದಲು ಸುಸ್ತಾಗುತ್ತದೆ. ಕಡ್ಡಿ ಹುಳಿಯನ್ನು ಹೆಚ್ಚು ತಾಳುತ್ತದೆ, ಬೆಳೆಯುತ್ತಲೇ ಇರುತ್ತದೆ. ನಮ್ಮ ಕಡೆಯ ರಾತ್ರಿಯಿಡೀ ಇಡುವ ಲೆಕ್ಕವನ್ನೇ ಇಲ್ಲಿಯ ಬೇಸಿಗೆಗೆ ಹಿಡಿದರೆ ಮೊಸರು ನಡುರಾತ್ರಿಗೇ ಕೂತು, ಬೆಳಗಿನವರೆಗೆ ಕಡ್ಡಿಯದ್ದೇ ರಾಜ್ಯ. ಅದರಿಂದ ತೆಗೆದ ಹೆಪ್ಪಿನಲ್ಲಿ ಕಡ್ಡಿ ಜಾಸ್ತಿ, ಮರುದಿನದ್ದರಲ್ಲಿ ಇನ್ನೂ ಜಾಸ್ತಿ. ಕಡ್ಡಿ ಹೆಚ್ಚಾದಷ್ಟು ಪ್ರೋಟೀನಿನ ತುಂಡುಗಳೂ ಹೆಚ್ಚು, ಆ ತುಂಡುಗಳಲ್ಲಿ ಕೆಲವಕ್ಕೆ ಕಹಿ ರುಚಿ. ಅತಿ ಹುಳಿಯಲ್ಲಿ ದಿನಗಟ್ಟಲೆ ಕೂತರೆ ಇಬ್ಬರೂ ಸಾಯತೊಡಗುತ್ತಾರೆ, ಆಗ ಹೆಪ್ಪಿಗೆ ಬಲವೂ ಇಲ್ಲ. ಅಂದರೆ ಕಹಿ ಮತ್ತು ಬಲಹೀನತೆ ಒಟ್ಟಿಗೆ ಬರುವುದು ಆಶ್ಚರ್ಯವಲ್ಲ. ಮುದಿಯಾಗುವುದು ಎಂದು ಕಾಕೂ ಹೇಳಿದ್ದು ಇದನ್ನೇ, ಆದರೆ ವಯಸ್ಸಿನ ದೋಷ ಇದರಲ್ಲಿಲ್ಲ. ಕುಟುಂಬದ ಸಮತೋಲ ತಪ್ಪಿರುವುದು ಅಷ್ಟೇ.

ಆದರೆ ಕಹಿಗೆ ಬೇರೆ ಕಾರಣಗಳೂ ಇವೆ. ಹಾಲು ಕರೆದ ಮೇಲೆ ಒಂದೆರಡು ದಿನ ತಣ್ಣಗಿನ ಟ್ಯಾಂಕಿನಲ್ಲಿ ಇದ್ದರೆ ಚಳಿಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ಸೇರುತ್ತವೆ. ಕಾಯಿಸಿದರೆ ಅವು ಸಾಯುತ್ತವೆ, ಆದರೆ ಅವು ಬಿಟ್ಟ ಪ್ರೋಟೀನ್ ಕತ್ತರಿಸುವ ವಸ್ತು ಕುದಿಯನ್ನೂ ತಾಳಿ ಉಳಿಯುತ್ತದೆ. ಆಗ ಹೆಪ್ಪು ಎಷ್ಟು ಒಳ್ಳೆಯದಿದ್ದರೂ ಮೊಸರು ಕಹಿಯೇ. ಇನ್ನು ಎಮ್ಮೆಗೆ ಕೆಚ್ಚಲು ಬಾವಿಗೆಂದು ಆ್ಯಂಟಿಬಯಾಟಿಕ್ ಕೊಟ್ಟು, ಬಿಡಬೇಕಾದ ದಿನ ಬಿಡದೆ ಹಾಲು ಕೊಟ್ಟರೆ ಆ ದುಂಡಗಿನದ್ದು ಪೆನಿಸಿಲಿನ್‌ಗೆ ತುಂಬ ಹೆದರುವ ಜಾತಿ. ಮೊಸರು ಕೂರುವುದೇ ಇಲ್ಲ, ಕುದಿಸಿದರೂ ಔಷಧಿ ಪೂರ್ತಿ ಹೋಗುವುದಿಲ್ಲ.

ಇದನ್ನು ಬಿಡಿಸಲು ಐದು ಸಣ್ಣ ಸ್ಟೀಲ್ ಲೋಟ ಸಾಕು. ಎರಡು ಬಗೆಯ ಹಾಲು ತೆಗೆದುಕೊಂಡೆ. ಒಂದು ನಾವು ದಿನಾ ತರುವ ಸಂಗ್ರಹ ಕೇಂದ್ರದ ಹಾಲು, ಇನ್ನೊಂದು ಕಾಕೂನ ಎಮ್ಮೆಯಿಂದ ಅಂದೇ ಬೆಳಿಗ್ಗೆ ಕರೆದದ್ದು. ಎರಡನ್ನೂ ಬೇರೆಬೇರೆಯಾಗಿ ಕುದಿ ಬಂದ ಮೇಲೂ ಐದು ನಿಮಿಷ ಉರಿಯಲ್ಲಿಟ್ಟು, ಬೆರಳು ಮುಳುಗಿಸಿದರೆ ಹಿತವಾದ ಬಿಸಿ ಇರುವಷ್ಟಕ್ಕೆ, ಅಂದರೆ ಸುಮಾರು 40 ಡಿಗ್ರಿಗೆ ಆರಿಸಿದೆ. ಎಮ್ಮೆಹಾಲು ದಪ್ಪ, ಮೇಲೆ ಕೆನೆ ಕಟ್ಟಿದರೆ ಒಳಗೆ ಬಿಸಿ ಉಳಿದೇ ಇರುತ್ತದೆ. ಕೈಯಾಡಿಸಿ ನೋಡದೆ ಹೆಪ್ಪು ಹಾಕಿದರೆ ಅದು ಸುಟ್ಟುಹೋಗಬಹುದು. ಪ್ರತಿ ಹಾಲನ್ನು ಎರಡೆರಡು ಲೋಟಗಳಿಗೆ 100 ಮಿಲಿಲೀಟರಿನಂತೆ ಹಾಕಿ, ಒಂದಕ್ಕೆ ಉಮ್ಮನ ಹೆಪ್ಪು ಅರ್ಧ ಟೀ ಚಮಚ, ಇನ್ನೊಂದಕ್ಕೆ ಕಾಕೂನದ್ದು ಅಷ್ಟೇ ಹಾಕಿದೆ. ಐದನೆಯ ಲೋಟದಲ್ಲಿ ಕೇಂದ್ರದ ಹಾಲು, ಹೆಪ್ಪಿಲ್ಲದೆ, ಮುಚ್ಚಿ ಫ್ರಿಜ್‌ನಲ್ಲಿಟ್ಟೆ.

ಕಾಕೂನ ಹೆಪ್ಪು ಎರಡು ಹಾಲಿನಲ್ಲೂ ಐದು ಗಂಟೆಯೊಳಗೆ ಕೂತಿತು. ಉಮ್ಮನದ್ದು ಎರಡರಲ್ಲೂ ಒಂಬತ್ತು ಗಂಟೆ, ತೆಳ್ಳಗೆ, ಎರಡರಲ್ಲೂ ಕಹಿ. ಎರಡನೇ ದಿನ ಐದನೆಯ ಲೋಟದ ಹಾಲು ಕುಡಿದು ನೋಡಿದೆ, ಕಹಿ ಇಲ್ಲ. ಅಲ್ಲಿಗೆ ಹಾಲು ಬಿಡುಗಡೆಯಾಯಿತು. ಉಮ್ಮನ ಹೆಪ್ಪು ಒಂದು ಹಾಲಿನಲ್ಲಿ ಕೂತು ಇನ್ನೊಂದರಲ್ಲಿ ಕೂರದಿದ್ದರೆ ದೂರು ಹಾಲಿನ ಮೇಲೆ ಹೋಗುತ್ತಿತ್ತು. ಎರಡು ಹೆಪ್ಪೂ ಕೇಂದ್ರದ ಹಾಲಿನಲ್ಲಿ ಸೋತು, ಕಾಕೂನ ಹಾಲಿನಲ್ಲಿ ಗೆದ್ದಿದ್ದರೆ ಔಷಧಿಯ ಅನುಮಾನ.

ಚುರುಕು ಮಾಡುವ ವಿಧಾನಕ್ಕೆ ವಿಶೇಷ ಸಾಮಾನು ಏನೂ ಬೇಡ, ಗಡಿಯಾರ ಮಾತ್ರ ಬೇಕು. ಹಳೇ ಮೊಸರಿನ ಮೇಲಿನ ಪದರ ಬಿಟ್ಟು ನಡುವಿನಿಂದ ತೆಗೆಯಬೇಕು. ಗಾಳಿಗೆ ತಾಗುವ ಮೇಲ್ಭಾಗದಲ್ಲೇ ಯೀಸ್ಟ್, ಬೂಸ್ಟು ಹುಟ್ಟುವುದು. ಹೊಸದಾಗಿ ಕಾಯಿಸಿ ಆರಿಸಿದ 100 ಮಿಲಿಲೀಟರ್ ಹಾಲಿಗೆ ಅರ್ಧ ಟೀ ಚಮಚ. ಹೆಪ್ಪು ಸುಸ್ತಾಗಿದೆ ಎಂದು ಜಾಸ್ತಿ ಹಾಕಲು ಕೈ ಹೋಗುತ್ತದೆ, ಹಾಕಬಾರದು. ಹೆಚ್ಚು ಹಾಕಿದಷ್ಟು ಹಳೆಯ ಹುಳಿಯೂ ಕಹಿಯೂ ಜೊತೆಗೇ ಬರುತ್ತದೆ, ದುಂಡಗಿನದ್ದು ಓಟ ಶುರುಮಾಡುವ ಮೊದಲೇ ಹುಳಿ ಏರಿಬಿಟ್ಟಿರುತ್ತದೆ. ಮುಖ್ಯ ಕೆಲಸ ಇದರ ನಂತರ. ಲೋಟವನ್ನು ಓರೆ ಮಾಡಿದಾಗ ಮೊಸರು ಅಲುಗಾಡದೆ ಒಂದೇ ತುಂಡಾಗಿ ನಿಂತ ಕೂಡಲೇ, ನೀರು ಬಿಡುವ ಮೊದಲು, ಅದರಿಂದ ಅರ್ಧ ಚಮಚ ತೆಗೆದು ಇನ್ನೊಂದು ತಾಜಾ ಹಾಲಿಗೆ ಹಾಕಬೇಕು. ಆ ಹೊತ್ತಿಗೆ ದುಂಡಗಿನದ್ದು ಇನ್ನೂ ಚುರುಕಾಗಿ ಇರುತ್ತದೆ, ಕಡ್ಡಿ ಇನ್ನೂ ಮುಂದೆ ಬಂದಿರುವುದಿಲ್ಲ. ಪ್ರತಿ ಸಲ ಬೇಗ ನಿಲ್ಲಿಸಿದರೆ ಸಮತೋಲ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಉಳಿದ ಮೊಸರನ್ನು ಮಜ್ಜಿಗೆ ಹುಳಿಗೋ ದೋಸೆ ಹಿಟ್ಟಿಗೋ ಹಾಕಬಹುದು, ಸ್ವಲ್ಪ ಕಹಿ ಅಲ್ಲಿ ಗೊತ್ತಾಗುವುದಿಲ್ಲ.

ನನ್ನದರ ಲೆಕ್ಕ ಹೀಗಿತ್ತು. ಮೊದಲ ಸಲ ಬೆಳಿಗ್ಗೆ ಏಳಕ್ಕೆ ಹಾಕಿದ್ದು ಮೂರೂವರೆಗೆ ಕೂತಿತು, ಕಹಿ ಇದ್ದೇ ಇತ್ತು. ಎರಡನೆಯದ್ದು ನಾಲ್ಕಕ್ಕೆ ಹಾಕಿದೆ, ರಾತ್ರಿ ಹನ್ನೊಂದಕ್ಕೆ ಕೂತಿತು. ಅದನ್ನು ಫ್ರಿಜ್‌ಗೆ ಇಟ್ಟು ಬೆಳಿಗ್ಗೆ ಮೂರನೆಯದ್ದು ಹಾಕಿದೆ, ಐದೂವರೆ ಗಂಟೆ. ನಾಲ್ಕನೆಯದ್ದು ಐದು ಗಂಟೆ, ಗಟ್ಟಿ, ಬಿಳಿ, ಕಹಿ ಇಲ್ಲ.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಯಾವಾಗ ಕೈಬಿಡಬೇಕೆಂದು ಗೊತ್ತಾಗುತ್ತದೆ. 100 ಮಿಲಿಲೀಟರಿಗೆ ಅರ್ಧ ಚಮಚ, ಅಂದರೆ ಎರಡೂವರೆ ಮಿಲಿಲೀಟರ್, ಹಾಕಿದರೆ ಹಳೆಯ ಮೊಸರಿನ ಕಹಿ ನಲವತ್ತರಲ್ಲಿ ಒಂದು ಪಾಲಾಗುತ್ತದೆ. ಎರಡನೇ ಸಲ 1,600ರಲ್ಲಿ ಒಂದು ಪಾಲು, ಮೂರನೇ ಸಲ 64,000ದಲ್ಲಿ ಒಂದು ಪಾಲು. ಅಷ್ಟು ತೆಳುವಾದ ಕಹಿ ನಾಲಿಗೆಗೆ ತಿಳಿಯುವುದಿಲ್ಲ. ಹಾಗಾಗಿ ಮೂರು ನಾಲ್ಕು ಸಲ ಆದ ಮೇಲೂ ಕಹಿ ಮೊದಲಿನಷ್ಟೇ ಇದ್ದರೆ ಅದು ಹಳೆಯದ್ದಲ್ಲ, ಪ್ರತಿ ಸಲ ಹೊಸದಾಗಿ ಹುಟ್ಟುತ್ತಿದೆ. ಬೇಡದ ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಸೇರಿಕೊಂಡಿದೆ ಎಂದರ್ಥ. ಮೊಸರಿನಲ್ಲಿ ಸೂಜಿ ಚುಚ್ಚಿದ ಹಾಗೆ ಗುಳ್ಳೆ, ಹೆಂಡದಂಥ ವಾಸನೆ, ಗುಲಾಬಿ ಅಥವಾ ಹಸಿರು ಚುಕ್ಕೆ ಕಂಡರಂತೂ ಪರೀಕ್ಷೆ ಬೇಡ, ಚೆಲ್ಲಿ ಪಾತ್ರೆ ಕುದಿನೀರಿನಲ್ಲಿ ತೊಳೆಯಬೇಕು. ಅಜ್ಜಿಯದ್ದಾದರೂ ಅಷ್ಟೇ. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಯಿಲೆ ಇದೆ, ಅದು ತಗಲಿದರೆ ಒಳ್ಳೆಯ ಹೆಪ್ಪೂ ಇದ್ದಕ್ಕಿದ್ದಂತೆ ಕೂರದೆ ಹೋಗಬಹುದು. ಡೇರಿಗಳು ಹೆಪ್ಪನ್ನು ಸರದಿ ಪ್ರಕಾರ ಬದಲಾಯಿಸುವುದು ಇದಕ್ಕೇ. ಮನೆಯ ಹೆಪ್ಪಿನಲ್ಲಿ ಹಲವು ಬಗೆಯವು ಇರುವುದರಿಂದ ಎಲ್ಲವೂ ಒಮ್ಮೆಗೇ ಸಾಯುವುದು ಅಪರೂಪ.

ಚೆಲ್ಲಿದ ಮೇಲೆ ಏನು ಎಂದು ಕೇಳಿದರೆ, ಹಸಿಮೆಣಸಿನ ತೊಟ್ಟು ಹಾಕಿ ಹೊಸ ಮೊಸರು ಮಾಡುವವರಿದ್ದಾರೆ. ತೊಟ್ಟಿನಲ್ಲಿ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಇರಬಹುದು, ಮೊದಲನೆಯದ್ದು ತೆಳ್ಳಗೆ ಬರುತ್ತದೆ, ಅದನ್ನು ನಾಲ್ಕೈದು ಸಲ ಮುಂದುವರಿಸಿದ ಮೇಲೆ ತಿನ್ನಬೇಕು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಪಕ್ಕದ ಮನೆಯ ಒಂದು ಚಮಚ ಒಳ್ಳೆಯದು.

ಸರಿಯಾದ ಮೇಲೆ ಅದನ್ನು ಹಾಗೇ ಇಡಲು ಎರಡೇ ಕಟ್ಟುಪಾಡು ಹಾಕಿಕೊಂಡಿದ್ದೇನೆ. ಮೇ ತಿಂಗಳಲ್ಲಿ ರಾತ್ರಿ ಹೆಪ್ಪು ಹಾಕುವುದಿಲ್ಲ, ಬೆಳಿಗ್ಗೆ ಹಾಕಿ ಮಧ್ಯಾಹ್ನ ಕೂತ ಕೂಡಲೇ ಫ್ರಿಜ್. ಚಳಿಗಾಲದಲ್ಲಿ ಪಾತ್ರೆಯನ್ನು ಗೋಧಿಹಿಟ್ಟಿನ ಡಬ್ಬದೊಳಗೆ ಹೂಳುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ಹಾಲೇ ಸಿಗುತ್ತದೆ. ಮುಂದಿನ ಸಲದ ಹೆಪ್ಪನ್ನು ಊಟದ ಪಾತ್ರೆಯಿಂದ ತೆಗೆಯುವುದಿಲ್ಲ, ಕೂತ ದಿನವೇ ಒಂದು ಸಣ್ಣ ಡಬ್ಬಿಗೆ ಬೇರೆ ತೆಗೆದಿಟ್ಟು ಮೂರು ದಿನದೊಳಗೆ ಬಳಸುತ್ತೇನೆ. ಕರೆಂಟ್ ಹೋಗಿ ಫ್ರಿಜ್ ಗಂಟೆಗಟ್ಟಲೆ ಬೆಚ್ಚಗಾದರೆ ಮೂರು ದಿನವೂ ಇಡುವುದಿಲ್ಲ. ಐಸ್ ಟ್ರೇಯ ನಾಲ್ಕು ಗುಳಿಯಲ್ಲಿ ತಾಜಾ ಮೊಸರು ಗಟ್ಟಿ ಮಾಡಿ ಇಟ್ಟಿದ್ದೇನೆ. ಹೆಪ್ಪುಗಟ್ಟಿಸಿದಾಗ ಒಂದಷ್ಟು ಸಾಯುತ್ತವೆ, ಉಳಿದವು ಒಂದು ತಿಂಗಳವರೆಗೆ ಕೆಲಸ ಮಾಡುತ್ತವೆ, ಮೊದಲ ಸಲ ಮಾತ್ರ ಎರಡು ಮೂರು ಗಂಟೆ ತಡ.

ಅಂಥದ್ದೇ ಎರಡು ತುಂಡನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಹಳೇ ಪೇಪರ್ ಸುತ್ತಿ, ಊರಿಗೆ ಹೊರಟವರ ಕೈಯಲ್ಲಿ ಅಕ್ಕನಿಗೆ ಕಳಿಸಿದೆ. ಉಳ್ಳಾಲ ತಲುಪುವಾಗ ಕರಗಿತ್ತಂತೆ, ಆದರೆ ತಣ್ಣಗಿತ್ತು. ಮೂರನೇ ದಿನ ಫೋನ್ ಮಾಡಿದಳು.

“ಕೂತಿದೆ. ಗಟ್ಟಿಯಾಗಿದೆ. ಆದರೆ ಉಮ್ಮನದ್ದರಷ್ಟು ಹುಳಿ ಇಲ್ಲ.”

“ಎಷ್ಟು ಗಂಟೆಗೆ ಕೂತಿತು?”

“ಏಳು.”

“ಹಾಗಾದರೆ ಇನ್ನೂ ನಾಲ್ಕು ಸಲ ಹಾಕು. ಅಲ್ಲಿಯ ಹಸುವಿನ ಹಾಲಿಗೆ, ಅಲ್ಲಿಯ ಸೆಕೆಗೆ ಹೊಂದಿಕೊಳ್ಳಬೇಕಲ್ಲ. ಪ್ರತಿ ಸಲ ಗಂಟೆ ಬರೆದಿಡು.”

ಈಗ ಅವಳ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಏಳು, ಆರೂವರೆ, ಆರು ಎಂದು ಬರೆದಿದೆ. ಐದಕ್ಕೆ ಬಂದ ದಿನ ತಮ್ಮನಿಗೂ ಒಂದು ಡಬ್ಬಿ ಕೊಡುತ್ತಾಳಂತೆ, ಅವನು ಪ್ಯಾಕೆಟ್ ಬಿಡುತ್ತಾನೋ ಇಲ್ಲವೋ ಬೇರೆ ಮಾತು.