ಲೋಟಕ್ಕೆಷ್ಟು ಹಣ್ಣು?

ಒಂದು ಲೋಟ ನಿಂಬೆಹಣ್ಣಿನ ಪಾನಕಕ್ಕೆ ಎಷ್ಟು ಹಣ್ಣು ಬೇಕು? ಈ ಪ್ರಶ್ನೆಗೆ ನಮ್ಮ ಬಳಗದಲ್ಲಿ ಎರಡು ಉತ್ತರಗಳಿದ್ದವು. ಮೈಸೂರಿನ ಕಡೆಯ ಹಿರಿಯರೊಬ್ಬರು, “ಇಬ್ಬರಿಗೆ ಒಂದು ಹಣ್ಣು ಧಾರಾಳವಾಯಿತಪ್ಪ” ಎಂದರು. ವಿಜಯಪುರದ ಕಡೆಯ ಮತ್ತೊಬ್ಬರು, “ಎಷ್ಟು ಮಂದಿ ಬರ್ತಾರೋ ಅಷ್ಟು ಲಿಂಬಿ ತಗೊಳ್ರಿ, ಕಡಿಮಿ ಮಾಡಬ್ಯಾಡ್ರಿ” ಎಂದರು. ಇಬ್ಬರೂ ಬಾಲ್ಯದಿಂದ ಪಾನಕ ಕುಡಿದು ಬಂದವರೇ. ಒಬ್ಬರ ಮಾತು ನಂಬಿದರೆ ಅರವತ್ತು ಹಣ್ಣು, ಇನ್ನೊಬ್ಬರ ಮಾತು ನಂಬಿದರೆ ನೂರಿಪ್ಪತ್ತು. ಸಾಮಾನ್ಯ ವರ್ಷಗಳಲ್ಲಾದರೆ ಹೆಚ್ಚಿನ ಅಂಕಿಯನ್ನೇ ಹಿಡಿದು ಮುಂದೆ ಸಾಗುತ್ತಿದ್ದೆವು. ಆದರೆ ಅದು 2022ರ ಏಪ್ರಿಲ್. ದೆಹಲಿಯಲ್ಲಿ ನಿಂಬೆಹಣ್ಣಿನ ಬೆಲೆ ಕಿಲೋಗೆ ಮುನ್ನೂರು ರೂಪಾಯಿ ದಾಟಿತ್ತು.

ಎರಡು ವರ್ಷಗಳ ಮಹಾಮಾರಿಯ ಬಳಿಕ ಬಳಗದವರೆಲ್ಲ ಮೊದಲ ಬಾರಿಗೆ ರಾಮನವಮಿಗೆ ಸೇರುವವರಿದ್ದೆವು. ವಂತಿಗೆಯ ಹಣದಲ್ಲಿ ಪಾನಕಕ್ಕೆಂದು ತೆಗೆದಿರಿಸಲು ಸಾಧ್ಯವಾದದ್ದು 2000 ರೂಪಾಯಿ. ಬೆಲೆ ನೋಡಿದ ಖಜಾಂಚಿಯವರು, ಈ ಸಲ ಬಾಟಲಿಯ ಶರಬತ್ತು ತಂದು ನೀರು ಬೆರೆಸಿಬಿಡೋಣ ಎಂದು ಸೂಚಿಸಿದರು. ಕೋಸಂಬರಿಯ ಪಕ್ಕದಲ್ಲಿ ಬಾಟಲಿಯ ಬಣ್ಣದ ನೀರನ್ನಿಡಲು ಯಾರಿಗೂ ಮನಸ್ಸಿರಲಿಲ್ಲ. ಹಾಗೆಂದು ಅಂದಾಜುಪಟ್ಟಿಯಿಲ್ಲದೆ ಮಂಜೂರಾತಿ ಕೇಳುವುದು ಸರ್ಕಾರಿ ಕಚೇರಿಯಲ್ಲಿ ಅರ್ಧ ಆಯುಷ್ಯ ಕಳೆದ ನಮ್ಮಂಥವರಿಗೆ ಸಾಧ್ಯವಾಗುವ ಮಾತೂ ಅಲ್ಲ. ಆದ್ದರಿಂದ ಲೆಕ್ಕಕ್ಕೆ ಕುಳಿತೆವು.

ಮೊದಲು ಪುಸ್ತಕಗಳನ್ನು ತೆರೆದೆವು. ಇಂಗ್ಲಿಷಿನ ಪಾಕಶಾಸ್ತ್ರದ ಹೊತ್ತಗೆಗಳು ಒಂದು ‘ಲೆಮನ್’ನಿಂದ ಮೂರು ದೊಡ್ಡ ಚಮಚ, ಎಂದರೆ ಸುಮಾರು 45 ಮಿ.ಲೀ. ರಸ ಬರುತ್ತದೆಂದು ಹೇಳುತ್ತವೆ. ಆ ಲೆಕ್ಕ ಹಿಡಿದರೆ ನಮಗೆ ಐವತ್ತು ಹಣ್ಣು ಕೂಡ ಬೇಕಿರಲಿಲ್ಲ. ತೊಡಕಿರುವುದು ಪದದಲ್ಲಿ. ಅಲ್ಲಿನ ಲೆಮನ್ ಎಂದರೆ ತುದಿಯಲ್ಲಿ ಮೊಲೆತೊಟ್ಟಿನಂಥ ಮೊನೆಯುಳ್ಳ, ದಪ್ಪ ಸಿಪ್ಪೆಯ, ನೂರು ಗ್ರಾಮಿಗೂ ಮಿಕ್ಕಿ ತೂಗುವ ಹಳದಿ ಹಣ್ಣು. ನಮ್ಮ ಸಂತೆಯ ನಿಂಬೆ, ಉತ್ತರದವರು ಕಾಗ್ಜಿ ಎಂದು ಕರೆಯುವ ಕಾಗದದಷ್ಟು ತೆಳು ಸಿಪ್ಪೆಯದು, ಬೇರೆಯೇ ಜಾತಿ. ಇಂಗ್ಲಿಷಿನಲ್ಲಿ ಅದರ ಸರಿಯಾದ ಹೆಸರು ‘ಲೈಮ್’. ಅದರ ತೂಕ ಮೂವತ್ತರಿಂದ ಐವತ್ತು ಗ್ರಾಂ. ನಾವು ಇಂಗ್ಲಿಷ್ ಮಾತನಾಡುವಾಗ ಅದನ್ನೂ ಲೆಮನ್ ಎಂದೇ ಕರೆದು ರೂಢಿ ಮಾಡಿಕೊಂಡಿದ್ದೇವೆ. ಹೆಸರು ಒಂದಾದ ಮಾತ್ರಕ್ಕೆ ರಸ ಒಂದಾಗುವುದಿಲ್ಲ.

ಎರಡನೆಯದಾಗಿ, ಒಂದು ಲೋಟಕ್ಕೆ ಎಷ್ಟು ರಸ ಬೇಕೆಂಬುದನ್ನು ಗೊತ್ತುಮಾಡಿಕೊಂಡೆವು. ಪಾನಕದಲ್ಲಿ ನಿಂಬೆ ಲೋಟವನ್ನು ತುಂಬುವುದಿಲ್ಲ, ನೀರಿಗೆ ಹುಳಿ ಕೊಡುತ್ತದೆ, ಅಷ್ಟೇ. ನಿಂಬೆರಸದ ನೂರು ಪಾಲಿನಲ್ಲಿ ಸುಮಾರು ಆರು ಪಾಲು ಸಿಟ್ರಿಕ್ ಆಮ್ಲ. ಕುಡಿಯುವ ಪಾನಕದಲ್ಲಿ ಅದು ನೂರಕ್ಕೆ ಅರ್ಧ ಪಾಲಿಗಿಂತ ತುಸು ಕಡಿಮೆಯಿದ್ದರೆ ನಾಲಗೆಗೆ ಹಿತ. 180 ಮಿ.ಲೀ. ಹಿಡಿಯುವ ಲೋಟಕ್ಕೆ 13 ಮಿ.ಲೀ. ರಸ ಹಾಕಿ, 18 ಗ್ರಾಂ ಸಕ್ಕರೆ ಕದಡಿ ಕುಡಿದು ನೋಡಿದಾಗ ಮನೆಯ ಎಲ್ಲರೂ ಒಪ್ಪಿದರು. ಈಗ ಮೈಸೂರು ಮತ್ತು ವಿಜಯಪುರದ ನಡುವಿನ ತಗಾದೆಯೂ ತೀರಿತು. ಹಿರಿಯರ ಮನಸ್ಸಿನಲ್ಲಿದ್ದುದು ದೇವಸ್ಥಾನದಲ್ಲಿ ಕೊಡುವ, ನೂರು ಮಿ.ಲೀ. ಹಿಡಿಯುವ ಪುಟ್ಟ ಲೋಟ. ಅದಕ್ಕೆ ಏಳು ಮಿ.ಲೀ., ಎಂದರೆ ಅರ್ಧ ಹಣ್ಣಿನ ರಸ ಸಾಕು. ವಿಜಯಪುರದ ಗೆಳೆಯರ ಮನಸ್ಸಿನಲ್ಲಿದ್ದುದು ಬಿಸಿಲಿನಲ್ಲಿ ಬಂದವರಿಗೆ ಕೊಡುವ ದೊಡ್ಡ ಲೋಟ. ಅದಕ್ಕೆ ಇಡೀ ಹಣ್ಣು ಬೇಕು. ಇಬ್ಬರೂ ಹೇಳಿದ್ದು ಸರಿಯೇ, ಲೋಟ ಮಾತ್ರ ಬೇರೆ.

ನೂರಿಪ್ಪತ್ತು ಮಂದಿಯಲ್ಲಿ ನಾಲ್ಕರಲ್ಲೊಬ್ಬರು ಇನ್ನೊಂದು ಲೋಟ ಕೇಳಿಯೇ ಕೇಳುತ್ತಾರೆ. ಆದ್ದರಿಂದ ಲೆಕ್ಕ 150 ಲೋಟಗಳದ್ದು. ತಲಾ 13 ಮಿ.ಲೀ.ನಂತೆ ಬೇಕಾದ ರಸ ಹೆಚ್ಚೂಕಡಿಮೆ ಎರಡು ಲೀಟರು.

ಇನ್ನುಳಿದದ್ದು ಹಣ್ಣಿನಲ್ಲಿ ರಸವೆಷ್ಟು ಎಂಬುದು. ಊರಿನಲ್ಲಿ ನಿಂಬೆಯನ್ನು ‘ಹತ್ತು ರೂಪಾಯಿಗೆ ಇಷ್ಟು’ ಎಂದು ಎಣಿಸಿ ಕೊಳ್ಳುವುದೇ ನಮ್ಮ ರೂಢಿ. ದೆಹಲಿಯ ತರಕಾರಿ ಗಾಡಿಯವರು ಪಾವ್ ಕಿಲೋ ಎಂದು ತೂಗಿ ಕೊಡುತ್ತಾರೆ. ನಮಗೆ ಮೊದಮೊದಲು ಇದು ಪರಕೀಯವೆನಿಸುತ್ತಿತ್ತು. ರಸದ ಲೆಕ್ಕಕ್ಕೆ ಇದೇ ಅನುಕೂಲವೆಂದು ಆಮೇಲೆ ತಿಳಿಯಿತು. ಇಬ್ಬರು ಮಾರಾಟಗಾರರಿಂದ ಹತ್ತು ಹತ್ತು ಹಣ್ಣು ತಂದೆವು. ಒಂದೇ ಹಣ್ಣನ್ನು ಹಿಂಡಿ ನೋಡಿದರೆ ಏನೂ ತಿಳಿಯದು; ಒಂದೇ ಬುಟ್ಟಿಯಲ್ಲಿ ಅಕ್ಕಪಕ್ಕದ ಹಣ್ಣುಗಳ ನಡುವೆಯೇ ಎರಡರಷ್ಟು ವ್ಯತ್ಯಾಸವಿರುತ್ತದೆ. ಹತ್ತನ್ನು ಒಟ್ಟಿಗೆ ಹಿಂಡಿದರೆ ಆ ಏರಿಳಿತ ಸಮನಾಗುತ್ತದೆ.

ಮೊದಲನೆಯವರ ಹಣ್ಣು ನಯವಾದ ಸಿಪ್ಪೆಯದು, ಹಳದಿಗೆ ತಿರುಗಿದ್ದು, ಕಿಲೋಗೆ 320 ರೂಪಾಯಿ. ಹತ್ತು ಹಣ್ಣಿನ ತೂಕ 360 ಗ್ರಾಂ. ಸೋಸಿದ ರಸ 148 ಮಿ.ಲೀ. ಎಂದರೆ ಕಿಲೋಗೆ 410 ಮಿ.ಲೀ. ಎರಡನೆಯವರ ಹಣ್ಣು ಕಡುಹಸಿರು, ಒರಟು ಸಿಪ್ಪೆ, ಕಿಲೋಗೆ 280 ರೂಪಾಯಿ. ಹತ್ತರ ತೂಕ 300 ಗ್ರಾಂ; ರಸ 84 ಮಿ.ಲೀ. ಮಾತ್ರ, ಕಿಲೋಗೆ 280. ಮೊದಲನೆಯದರಲ್ಲಿ ಒಂದು ಲೋಟಕ್ಕೆ ತಗಲುವ ನಿಂಬೆಯ ವೆಚ್ಚ ಹತ್ತು ರೂಪಾಯಿ, ‘ಅಗ್ಗ’ದ ಎರಡನೆಯದರಲ್ಲಿ ಹದಿಮೂರು. ಕಿಲೋದ ಬೆಲೆಯನ್ನು ಕಿಲೋದ ರಸದಿಂದ ಭಾಗಿಸಿದ ಹೊರತು ಯಾವ ಹಣ್ಣು ಅಗ್ಗವೆಂದು ಹೇಳಲಾಗದು.

ಎರಡನೆಯ ಬುಟ್ಟಿ ಹೀಗಿದ್ದುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಮಾರುಕಟ್ಟೆಗೆ ಬರುವುದು ಹಿಂದಿನ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂಬಿಟ್ಟ ಫಸಲು. ಅದು ಮೊದಲೇ ವಿರಳ. ಬೆಲೆ ಏರಿದಾಗ ಕಾಯಿ ಬಲಿಯುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬಲಿಯದ ಕಾಯಿಯಲ್ಲಿ ಸಿಪ್ಪೆಯ ಪಾಲು ಹೆಚ್ಚು, ರಸದ ಪಾಲು ಕಡಿಮೆ. ಕೊಳ್ಳುವಾಗಲೇ ಇದನ್ನು ಗುರುತಿಸಬಹುದು: ಒಂದೇ ಗಾತ್ರದ ಎರಡು ಹಣ್ಣುಗಳನ್ನು ಎರಡು ಅಂಗೈಗಳಲ್ಲಿಟ್ಟರೆ ರಸವಿರುವುದು ಭಾರವಾಗಿ ತೂಗುತ್ತದೆ, ಬೆರಳಿನಿಂದ ಒತ್ತಿದರೆ ತುಸು ಬಾಗುತ್ತದೆ.

ಹಿಂಡುವ ಕ್ರಮದಿಂದಲೂ ರಸ ಹೆಚ್ಚುಕಡಿಮೆಯಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಹಣ್ಣು ಬಿಗಿಯಾಗಿರುತ್ತದೆ. ಹೊರಗಿಟ್ಟು ತಣುವು ಕಳೆದ ಮೇಲೆ ಅಂಗೈಯಡಿ ಹಲಗೆಯ ಮೇಲೆ ಉರುಳಿಸಿದರೆ ಒಳಗಿನ ಎಸಳುಗಳು ಒಡೆದು ರಸ ಸಲೀಸಾಗಿ ಇಳಿಯುತ್ತದೆ. ಆದರೆ ಕೊನೆಯ ಹನಿಗಾಗಿ ಸಿಪ್ಪೆಯನ್ನು ತಿರುಚಿ ಹಿಂಡಬಾರದು. ಆಗ ಸಿಪ್ಪೆಯ ಎಣ್ಣೆಯೂ ಬಿಳಿ ತಿರುಳಿನ ಕಹಿಯೂ ರಸಕ್ಕಿಳಿದು, ಉಳಿಸಿದ ಒಂದು ಚಮಚ ಇಡೀ ಪಾತ್ರೆಯನ್ನು ಕೆಡಿಸುತ್ತದೆ.

ಎರಡು ಲೀಟರಿಗೆ ಲೆಕ್ಕದ ಪ್ರಕಾರ 4.9 ಕಿಲೋ ಬೇಕು. ಕೊಳೆತದ್ದು, ಒಣಗಿದ್ದು, ಹಲವು ಕೈಗಳು ಹಲವು ಬಗೆಯಲ್ಲಿ ಹಿಂಡುವುದು, ಇವಕ್ಕೆಂದು ಹತ್ತನೆಯ ಒಂದು ಪಾಲು ಸೇರಿಸಿ 5.4 ಕಿಲೋ ಎಂದು ನಿಗದಿ ಮಾಡಿದೆವು. ಎಣಿಸಿದರೆ ಸುಮಾರು ನೂರೈವತ್ತು ಹಣ್ಣು. ವೆಚ್ಚ 1728 ರೂಪಾಯಿ. ಉಳಿದ ಹಣದಲ್ಲಿ ಸಕ್ಕರೆ, ಏಲಕ್ಕಿ, ಮಂಜುಗಡ್ಡೆ. ಅಂದು ಬೆಳಿಗ್ಗೆ ಆರು ಮಂದಿ ಕುಳಿತು ಹಿಂಡಿದಾಗ ದೊರೆತದ್ದು 2.1 ಲೀಟರು. ಮುಕ್ಕಾಲು ಪಾಲು ರಸವನ್ನು ಮೊದಲು ನೀರಿಗೆ ಬೆರೆಸಿ, ರುಚಿ ನೋಡಿ, ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದೆವು. ಬಾಟಲಿಯ ಶರಬತ್ತಿನ ಮಾತು ಮತ್ತೆ ಏಳಲಿಲ್ಲ.

ಈ ಯಶಸ್ಸಿನಿಂದ ಉತ್ತೇಜಿತರಾಗಿ, ಅದೇ ನವೆಂಬರಿನ ರಾಜ್ಯೋತ್ಸವದಲ್ಲಿ ಮೂವತ್ತು ಮಕ್ಕಳಿಗೆ ಕಿತ್ತಳೆರಸ ಕೊಡಬೇಕೆಂಬ ಪ್ರಸ್ತಾಪ ಬಂದಿತು. ಇಲ್ಲಿ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ನಿಂಬೆ ನೀರಿಗೆ ರುಚಿ ಕೊಟ್ಟರೆ ಸಾಕು. ಕಿತ್ತಳೆಯಾದರೆ ಲೋಟವನ್ನು ತಾನೇ ತುಂಬಬೇಕು. ಆ ತಿಂಗಳು ದೆಹಲಿಯಲ್ಲಿ ದೊರೆಯುವುದು ನಾಗಪುರದ ಸಂತ್ರಾ. ನಮ್ಮ ಕೊಡಗಿನ ಕಿತ್ತಳೆಯ ಹಾಗೆ ಅದೂ ಸಿಪ್ಪೆ ಸಡಿಲವಾಗಿರುವ ಬಗೆ. ಅಡ್ಡಕ್ಕೆ ಕೊಯ್ದು ಹಿಂಡಲು ಹೋದರೆ ಕೈಯಲ್ಲೇ ಕುಸಿಯುತ್ತದೆ. ಸುಲಿದು ತೊಳೆಗಳನ್ನೇ ಅರೆಯಬೇಕು. ಬೀಜ ಒಡೆದರೆ ಕಹಿ. ಆರು ಹಣ್ಣು, 780 ಗ್ರಾಂ, ಹಾಕಿ ನೋಡಿದಾಗ ಬಂದ ರಸ 330 ಮಿ.ಲೀ. ಹಣ್ಣಿಗೆ 55 ಮಿ.ಲೀ.ನಂತೆ, ಮಕ್ಕಳ 150 ಮಿ.ಲೀ. ಲೋಟಕ್ಕೆ ಸುಮಾರು ಮೂರು ಹಣ್ಣು. ಮೂವತ್ತು ಲೋಟಕ್ಕೆ ಎಂಬತ್ತಕ್ಕೂ ಮೀರಿದ ಹಣ್ಣು, ಹತ್ತಿರ ಹತ್ತಿರ ಹನ್ನೊಂದು ಕಿಲೋ. ಅಂಗಡಿಗಳಲ್ಲಿ ಕಡಿಮೆ ಹಣ್ಣಿನಲ್ಲಿ ಲೋಟ ತುಂಬುವುದು ಕಂಡರೆ, ಉಳಿದದ್ದು ನೀರು ಮತ್ತು ಮಂಜುಗಡ್ಡೆ ಎಂದೇ ತಿಳಿಯಬೇಕು.

ಮತ್ತೊಂದು ಮಿತಿಯೂ ಇತ್ತು. ನಿಂಬೆರಸವನ್ನು ಮುಂಜಾನೆ ಹಿಂಡಿ ತಣ್ಣಗಿಟ್ಟು ಮಧ್ಯಾಹ್ನ ಬೆರೆಸಬಹುದು. ಕಿತ್ತಳೆಯ ಜಾತಿಯ ಹಲವು ಹಣ್ಣುಗಳ ರಸ, ಮುಖ್ಯವಾಗಿ ಚಳಿಗಾಲದಲ್ಲಿ ಇಲ್ಲಿ ಬೀದಿಬೀದಿಯಲ್ಲಿ ದೊರೆಯುವ ಕಿನ್ನೋದ ರಸ, ಹಿಂಡಿದಾಗ ಸಿಹಿಯಾಗಿದ್ದು ಕೆಲವು ಗಂಟೆಗಳಲ್ಲಿ ಕಹಿಯಾಗುತ್ತದೆ. ಇಡೀ ಹಣ್ಣಿನಲ್ಲಿ ಕಹಿಯಿಲ್ಲದ ವಸ್ತುವೊಂದು ಹುಳಿರಸದ ಸಂಪರ್ಕದಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿಯಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಅಂಥ ರಸವನ್ನು ಕುಡಿಯುವವರೆದುರೇ ಹಿಂಡಬೇಕು. ಧ್ವಜಾರೋಹಣಕ್ಕೂ ನಾಟಕಕ್ಕೂ ನಡುವಿನ ಕಾಲು ಗಂಟೆಯಲ್ಲಿ ಎಂಬತ್ತು ಹಣ್ಣು ಸುಲಿಯುವವರು ಯಾರು?

ಆದ್ದರಿಂದ ಟಿಪ್ಪಣಿಯ ಕೊನೆಯಲ್ಲಿ ರಸದ ಪ್ರಸ್ತಾಪವನ್ನು ಕೈಬಿಟ್ಟು, ಮಗುವಿಗೊಂದರಂತೆ ಇಡೀ ಹಣ್ಣನ್ನೇ ಕೊಡಬಹುದೆಂದು ಬರೆದೆವು. ಮೂವತ್ತು ಹಣ್ಣು, ನಾಲ್ಕು ಕಿಲೋ. ಖಜಾಂಚಿಯವರು ಮರುಮಾತಿಲ್ಲದೆ ಸಹಿ ಹಾಕಿದರು. ಮಕ್ಕಳು ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು ತೊಳೆ ಬಿಡಿಸಿ ತಿಂದರು, ಸಿಪ್ಪೆ ಹಿಚುಕಿ ಒಬ್ಬರ ಕಣ್ಣಿಗೊಬ್ಬರು ಚಿಮ್ಮಿಸಿದರು. ಗುಡಿಸುವ ಕೆಲಸ ಮಾತ್ರ ಸ್ವಲ್ಪ ಹೆಚ್ಚಾಯಿತು. ಅದನ್ನು ಅಂದಾಜುಪಟ್ಟಿಯಲ್ಲಿ ಸೇರಿಸುವ ಕಲಂ ನಮ್ಮಲ್ಲಿ ಇನ್ನೂ ಇಲ್ಲ.