ದೊಡ್ಡವ್ವನ ಒಂದು ಪದ, ಮೂರು ವೀಡಿಯೋ

ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರು ಅಂದ್ರೆ ನಮ್ ಚಳ್ಳಕೆರೆ ಸೀಮೆಗೆ ಫಾಲ್ಗುಣದ ದೊಡ್ಡ ಜಾತ್ರೆ ಅಲ್ವೇನ್ರವ್ವ. 2025ರ ತೇರಿಗೆ ಮೊಳಕಾಲ್ಮೂರಿಂದ ನಮ್ಮ ದೊಡ್ಡವ್ವ ಬಂದಿದ್ರು. ಅವರು ಹಾಡಿದ ಸ್ವಾಮಿ ಪದಾನ ಫೋನ್ ಅಡ್ಡ ಹಿಡಿದು 14 ನಿಮಿಷ ತಗಂಡಿದ್ದೆ. ಎಡಕ್ಕೆ ದೊಡ್ಡವ್ವ, ಬಲಕ್ಕೆ ತೇರು.

ಮೊದಲು ಅದರಾಗೊಂದು ತುಂಡು ಕತ್ತರಿಸಿ ವಾಟ್ಸಾಪ್‌ಗೆ ಹಾಕ್ದೆ. ಎಂಟು ದಿನಕ್ಕೆ ಅದೇ ತುಂಡು ಇನ್ಯಾವುದೋ ಗುಂಪಿಂದ ಬೇರೆ ಊರಿನ ಭಜನೆ ಅನ್ನೋ ಹೆಸರು ಹೊತ್ತು ವಾಪಸ್ ಬಂತು. ದೊಡ್ಡವ್ವ ನೋಡಿ, "ದನಿ ನಂದೈತೆ, ಹೆಸರೇ ಇಲ್ವಲ್ಲೆ" ಅಂದ್ರು. ಕರುಳು ಚುರುಕ್ ಅಂತು. ಎಲ್ಲಾ ಮೊದಲಿಂದ ಮಾಡ್ದೆ.

ಉದ್ದದ್ದನ್ನ ಹಂಗೇ ಅಡ್ಡ ಬಿಟ್ಟು ಯೂಟ್ಯೂಬ್‌ಗೆ ಹಾಕ್ದೆ. ಶಾರ್ಟ್ಸ್‌ಗೆ ಚಿತ್ರ ನಿಂತಿರಬೇಕು. ಅಡ್ಡ ಚಿತ್ರದಾಗೆ ನಿಂತ ಚೌಕಟ್ಟು ಇಟ್ರೆ ಅಗಲದಾಗೆ ಮೂರ್ನೇ ಒಂದು ಪಾಲು ಕೂಡ ಉಳಿಯಲ್ಲ. ನಡುವೆ ಇಟ್ಟಾಗ ದೊಡ್ಡವ್ವನ ಅರ್ಧ ಮುಖ, ತೇರಿನ ಒಂದು ಗಾಲಿ ಅಷ್ಟೇ ಬಂತು! ಹಂಗಾಗಿ ಮೊದಲು ಚೌಕಟ್ಟನ್ನ ದೊಡ್ಡವ್ವನ ಮೇಲೆ ನಿಲ್ಸಿ, ಪಲ್ಲವಿ ಮುಗಿದ ಮೇಲೆ ತೇರಿನ ಕಡೆ ಸರಿಸ್ದೆ. ಒಂದು ನುಡಿ ಪೂರ್ತಿ ಬರಂಗೆ 50 ಸೆಕೆಂಡು ಇಟ್ಟೆ. ಪದ ನಡುವೆ ಕಡಿದ್ರೆ ಪೂಜೆ ನಡುವೆ ಎದ್ದಂಗೆ.

ಹೆಸರನ್ನ ಚಿತ್ರದ ಮೇಲೇ ಬರೆದೆ, ಯಾಕಂದ್ರೆ ವಾಟ್ಸಾಪ್‌ನಾಗೆ ಫೈಲ್ ಸಾಗಿಸ್ದಾಗ ಯೂಟ್ಯೂಬಿನ ಶೀರ್ಷಿಕೆ ಜತೆಗೆ ಬರಲ್ಲ. ಶಾರ್ಟ್ಸ್‌ನಾಗೆ ಕೆಳಗೆ, ಬಲಗಡೆ ಗುಂಡಿಗಳು ಅಕ್ಷರ ಮುಚ್ತಾವೆ. ಅದಕ್ಕೆ ಹೆಸರು ಸ್ವಲ್ಪ ಮೇಲಕ್ಕಿರಬೇಕು.

ಮೂರನೇದು ಬರೀ ದನಿ. ಕಣ್ಣು ಮಂಜಾದ ನಮ್ಮತ್ತೆಗೆ ಇದೇ ಬೇಕು. ಪದ ನಿಂತು ಬರೀ ಜನರ ಗದ್ದಲ ಇದ್ದ ಎರಡು ನಿಮಿಷ ತೆಗೆದೆ, 12 ನಿಮಿಷ ಆತು. "ಅಗಾ ನೋಡ್ರಿ, ತೇರು" ಅಂತ ನಾನು ಕೂಗಿದ್ದನ್ನೂ ತೆಗೆದೆ, ಕೇಳೋರಿಗೆ ತೇರು ಎಲ್ಲಿ ಕಾಣ್ತೈತೆ? ಶುರುನಾಗೆ ಯಾವ ಪದ, ಯಾರು ಹಾಡಿದ್ದು, ಯಾವ ಜಾತ್ರೆ ಅಂತ ಬಾಯಲ್ಲೇ ಹೇಳ್ದೆ.

ಕೊನೆಗೆ ಮೂರಕ್ಕೂ ಒಂದೇ ಶೀರ್ಷಿಕೆ: ಪದದ ಹೆಸರು, ದೊಡ್ಡವ್ವನ ಹೆಸರು, ನಾಯಕನಹಟ್ಟಿ ತೇರು 2025. ತುದೀಗೆ ಮಾತ್ರ "ಪೂರ್ತಿ", "ತುಣುಕು", "ಆಡಿಯೋ". ಮೊದಲು ಒಂದರಾಗೆ ತಿಪ್ಪೇಸ್ವಾಮಿ, ಇನ್ನೊಂದರಾಗೆ ತಿಪ್ಪೇರುದ್ರಸ್ವಾಮಿ ಅಂತ ಬರೆದಿದ್ದೆ. ಹುಡುಕಿದ್ರೆ ಒಂದು ಸಿಕ್ತಿತ್ತು, ಇನ್ನೊಂದು ಸಿಗ್ತಿರಲಿಲ್ಲ. ಈಗ ಶೀರ್ಷಿಕೆನಾಗೆ ಒಂದೇ, ವಿವರಣೆನಾಗೆ ಎರಡೂ ಹೆಸರು. ಶಾರ್ಟ್ಸ್ ವಿವರಣೆನಾಗೆ ಲಿಂಕ್ ಒತ್ತಿದ್ರೆ ತೆರೆಯಲ್ಲ, ಅದಕ್ಕೆ Related video ಅನ್ನೋ ಜಾಗದಾಗೆ ಉದ್ದದ್ದನ್ನ ಕಟ್ಟಿದೀನಿ. ಶೀರ್ಷಿಕೆ ಆಮೇಲೂ ತಿದ್ದಬಹುದು. ಚಿತ್ರದ ಮೇಲೆ ಬರೆದಿದ್ದು ತಪ್ಪಾದ್ರೆ ಅದೇ ಲಿಂಕಿಗೆ ಹೊಸ ವೀಡಿಯೋ ಹಾಕಕ್ಕಾಗಲ್ಲ, ಹಾಕೋಕ್ ಮುಂಚೆ ಓದ್ಕಳ್ರಿ.

ಮೊನ್ನೆ ಆ ತುಣುಕು ಮತ್ತೆ ಯಾರೋ ಕಳ್ಸಿದ್ರು. ಈ ಸಲ ದೊಡ್ಡವ್ವ ಚಿತ್ರದ ಮೇಲೆ ಬೆರಳಿಟ್ಟು ಅವರ ಹೆಸರು ಓದಿದ್ರು.